ಉರಿದಷ್ಟೂ ಹಗುರ: ರಾಕೆಟ್ಟಿನ ವೇಗದ ಲೆಕ್ಕ

ಶಾಲೆಯಲ್ಲಿ ಕಲಿತ F = ma ಸೂತ್ರವನ್ನು ರಾಕೆಟ್ಟಿಗೆ ಹಾಗೇ ಹಚ್ಚಲು ಬರುವುದಿಲ್ಲ. ಆ ಸೂತ್ರದಲ್ಲಿ m ಬದಲಾಗದ ಸಂಖ್ಯೆ. ರಾಕೆಟ್ಟಿನ ದ್ರವ್ಯರಾಶಿಯಾದರೋ ಎಂಜಿನ್ ಉರಿಯುವಷ್ಟು ಹೊತ್ತೂ ಕರಗುತ್ತಲೇ ಇರುತ್ತದೆ, ಏಕೆಂದರೆ ತನ್ನ ಒಡಲಿನ ಒಂದು ಭಾಗವನ್ನೇ ಹಿಂದಕ್ಕೆ ಎಸೆದು ಅದು ಮುಂದೆ ಸಾಗುತ್ತದೆ. ಇಂಥ ವಸ್ತುವಿನ ಕೊನೆಯ ವೇಗವನ್ನು ಕಂಡುಹಿಡಿಯುವ ಲೆಕ್ಕ ರಷ್ಯಾದ ಸಿಯೋಲ್‌ಕೋವ್‌ಸ್ಕಿಯ ಹೆಸರಿನಲ್ಲಿದೆ. ಅವನು ಅದನ್ನು ಪ್ರಕಟಿಸಿದ್ದು 1903ರಲ್ಲಿ. ಆದರೆ ಅದಕ್ಕೂ ತೊಂಬತ್ತು ವರ್ಷ ಮೊದಲು, 1813ರಲ್ಲಿ, ಇಂಗ್ಲೆಂಡಿನ ವೂಲಿಚ್ ಸೈನಿಕ ಅಕಾಡೆಮಿಯ ವಿಲಿಯಂ ಮೂರ್ ರಾಕೆಟ್ಟುಗಳ ಚಲನೆಯ ಮೇಲೆಯೇ ಒಂದು ಪುಸ್ತಕ ಬರೆದಿದ್ದ. ಅವನ ಕಾಲದ ಬ್ರಿಟಿಷ್ ಸೇನೆಯಲ್ಲಿದ್ದದ್ದು ಕಾಂಗ್ರೀವ್ ರಾಕೆಟ್ಟುಗಳು. ಕಾಂಗ್ರೀವ್‌ಗೆ ಅವುಗಳ ಪ್ರೇರಣೆ ಸಿಕ್ಕಿದ್ದು ಹೈದರ್ ಮತ್ತು ಟಿಪ್ಪುವಿನ ಸೇನೆ ಹಾರಿಸುತ್ತಿದ್ದ ಕಬ್ಬಿಣದ ಕೊಳವೆಯ ಮೈಸೂರು ರಾಕೆಟ್ಟುಗಳಿಂದ.

ಲೆಕ್ಕಕ್ಕೆ ಬೇಕಾದ ನಿಯಮ ಒಂದೇ, ಸಂವೇಗದ ಸಂರಕ್ಷಣೆ. ಹೊರಗಿನ ಬಲ ಇಲ್ಲದಿದ್ದರೆ ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧದ ಒಟ್ಟು ಮೊತ್ತ ಬದಲಾಗದು. ಇಲ್ಲಿ ‘ಒಟ್ಟು’ ಎಂದರೆ ರಾಕೆಟ್ಟಿನದು ಮತ್ತು ಹೊರಬಿದ್ದ ಅನಿಲದ್ದು, ಎರಡೂ ಸೇರಿ. ಈಗ ಒಂದು ಗಳಿಗೆಯಲ್ಲಿ ರಾಕೆಟ್ಟಿನ ದ್ರವ್ಯರಾಶಿ m, ವೇಗ v ಎಂದಿರಲಿ. ಅನಿಲ ಹೊರಡುವ ವೇಗ, ರಾಕೆಟ್ಟಿನಲ್ಲಿ ಕೂತವರಿಗೆ ಕಾಣುವಂತೆ, u. ನೆಲದ ಮೇಲೆ ನಿಂತವರಿಗೆ ಅದೇ ಅನಿಲದ ವೇಗ v − u. ಅತಿ ಸಣ್ಣ ಅವಧಿಯೊಂದು ಕಳೆದ ಮೇಲೆ ರಾಕೆಟ್ಟಿನ ದ್ರವ್ಯರಾಶಿ m + dm ಆಗುತ್ತದೆ, ವೇಗ v + dv ಆಗುತ್ತದೆ. ದ್ರವ್ಯರಾಶಿ ಇಳಿಯುತ್ತಿರುವುದರಿಂದ dm ಋಣ ಸಂಖ್ಯೆ. ಹಾಗಾಗಿ ಹೊರಬಿದ್ದ ಅನಿಲದ ದ್ರವ್ಯರಾಶಿ −dm. ಮೊದಲಿನ ಸಂವೇಗವನ್ನೂ ಆಮೇಲಿನದನ್ನೂ ಸಮ ಮಾಡಿದರೆ:

mv = (m + dm)(v + dv) + (−dm)(v − u)

ಬಲಗಡೆಯ ಆವರಣಗಳನ್ನು ಬಿಡಿಸಿದಾಗ v dm ಎಂಬ ಪದ ಒಮ್ಮೆ ಕೂಡಿಕೊಂಡು, ಒಮ್ಮೆ ಕಳೆದುಕೊಂಡು ಮಾಯವಾಗುತ್ತದೆ. ಎರಡು ಅತಿ ಸಣ್ಣ ಸಂಖ್ಯೆಗಳ ಗುಣಲಬ್ಧವಾದ dm dv ಲೆಕ್ಕಕ್ಕೆ ಬಾರದಷ್ಟು ಸಣ್ಣದು. ಉಳಿಯುವುದು ಇಷ್ಟೇ:

m dv = −u dm

ವಿದ್ಯಾರ್ಥಿಗಳು ಎಡವುವುದು ಈ ಹಂತದಲ್ಲಿಯೇ. ಬಲವೆಂದರೆ ಸಂವೇಗ ಬದಲಾಗುವ ದರ, ಬಲ ಸೊನ್ನೆ, ಆದ್ದರಿಂದ d(mv) = 0 ಎಂದು ರಾಕೆಟ್ಟೊಂದಕ್ಕೇ ಬರೆದುಬಿಡುವುದುಂಟು. ಆಗ ಬರುವುದು m dv = −v dm. ನೋಡಲು ಒಂದೇ ಥರ, u ಇರಬೇಕಾದಲ್ಲಿ v ಕೂತಿದೆ, ಅಷ್ಟೇ. ತಪ್ಪನ್ನು ಪತ್ತೆ ಹಚ್ಚುವುದು ಸುಲಭ. ನಿಂತ ರಾಕೆಟ್ಟಿನಲ್ಲಿ v ಸೊನ್ನೆ. ಈ ಸಮೀಕರಣದ ಪ್ರಕಾರ ಅದು ಎಷ್ಟು ಉರಿದರೂ ಹೊರಡುವುದೇ ಇಲ್ಲ. ಹೊರಟುಹೋದ ಅನಿಲದ ಸಂವೇಗವನ್ನು ಲೆಕ್ಕದಿಂದ ಕೈಬಿಟ್ಟದ್ದೇ ಇದಕ್ಕೆ ಕಾರಣ.

ಸರಿಯಾದ ಸಮೀಕರಣವನ್ನು dt ಯಿಂದ ಭಾಗಿಸಿದರೆ ಎಡಕ್ಕೆ ದ್ರವ್ಯರಾಶಿ ಮತ್ತು ವೇಗೋತ್ಕರ್ಷದ ಗುಣಲಬ್ಧ ಬರುತ್ತದೆ. ಬಲಕ್ಕೆ, u ಮತ್ತು ಪ್ರತಿ ಸೆಕೆಂಡಿಗೆ ಹೊರಬೀಳುವ ಅನಿಲದ ಪ್ರಮಾಣಗಳ ಗುಣಲಬ್ಧ. ಇದೇ ಎಂಜಿನ್ನಿನ ನೂಕುಬಲ. ಕೊನೆಯ ವೇಗ ಬೇಕಾದರೆ dt ಯ ಗೊಡವೆಯೇ ಬೇಡ. ಎರಡೂ ಕಡೆ m ನಿಂದ ಭಾಗಿಸಿ, ವೇಗವನ್ನು ಒಂದು ಕಡೆಗೆ, ದ್ರವ್ಯರಾಶಿಯನ್ನು ಇನ್ನೊಂದು ಕಡೆಗೆ ಬೇರ್ಪಡಿಸಿದರೆ ಸಾಕು:

dv = −u dm/m

ಇನ್ನು ಅನುಕಲನ, ಅಂದರೆ ಈ ಸಣ್ಣ ಸಣ್ಣ ವೇಗವೃದ್ಧಿಗಳನ್ನೆಲ್ಲ ಕೂಡಿಸುವುದು. ಆರಂಭದ ದ್ರವ್ಯರಾಶಿ m₀ ಇಂದ ಕೊನೆಯ m₁ ವರೆಗೆ ಕೂಡಿಸಬೇಕು. u ಬದಲಾಗದಿದ್ದರೆ ಅದನ್ನು ಅನುಕಲನದ ಹೊರಗೆ ತರಬಹುದು. dm/m ನ ಅನುಕಲವೇ ಸಹಜ ಲಘುಗಣಕ, ln m. ಸೀಮೆಗಳನ್ನು ಹಾಕಿದಾಗ −(ln m₁ − ln m₀) ಬರುತ್ತದೆ, ಋಣ ಚಿಹ್ನೆ ಒಳಗಿನ ಭಿನ್ನರಾಶಿಯನ್ನು ತಲೆಕೆಳಗು ಮಾಡುತ್ತದೆ:

Δv = u ln(m₀/m₁)

ವೇಗದಲ್ಲಾಗುವ ಹೆಚ್ಚಳ Δv ಎರಡೇ ಸಂಗತಿಗಳನ್ನು ನೆಚ್ಚಿಕೊಂಡಿದೆ: ಅನಿಲದ ವೇಗ, ಮತ್ತು ಮೊದಲಿನ ಹಾಗೂ ಕೊನೆಯ ದ್ರವ್ಯರಾಶಿಗಳ ಅನುಪಾತ. ಇಂಧನ ಬೇಗ ಉರಿಯಿತೋ ನಿಧಾನವಾಗಿ ಉರಿಯಿತೋ ಎಂಬುದನ್ನು ಈ ಸೂತ್ರ ಕೇಳುವುದೇ ಇಲ್ಲ.

ಬೆಂಗಳೂರಿನಿಂದಲೇ ನಡೆಸಿದ ಒಂದು ಪ್ರಯಾಣದಲ್ಲಿ ಇದನ್ನು ಪರೀಕ್ಷಿಸಿ ನೋಡಬಹುದು. ಮಂಗಳಯಾನ ನೌಕೆ 2013ರ ನವೆಂಬರ್ 5ರಂದು ಭೂಕಕ್ಷೆ ಸೇರಿದಾಗ ಸುಮಾರು 1,337 ಕಿಲೋ ಇತ್ತು. ಅದರಲ್ಲಿ 852 ಕಿಲೋ ಬರೀ ಇಂಧನ ಮತ್ತು ಅದನ್ನು ಉರಿಸುವ ಉತ್ಕರ್ಷಕ. ಮುಖ್ಯ ಎಂಜಿನ್ನಿನ ನೂಕುಬಲ 440 ನ್ಯೂಟನ್, ಅನಿಲದ ವೇಗ ಸೆಕೆಂಡಿಗೆ ಸುಮಾರು 3,040 ಮೀಟರ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸೆಕೆಂಡಿಗೆ 145 ಗ್ರಾಂ ಬರುತ್ತದೆ, ದರ್ಶಿನಿಯ ಒಂದು ಲೋಟ ಕಾಫಿಗಿಂತ ಬಹಳ ಹೆಚ್ಚೇನಲ್ಲ. ಡಿಸೆಂಬರ್ 1ರ ನಡುರಾತ್ರಿ ಕಳೆದ ಮೇಲೆ ಈ ಎಂಜಿನ್ ಸುಮಾರು 1,329 ಸೆಕೆಂಡು ಉರಿದು, ನೌಕೆಯ ವೇಗಕ್ಕೆ ಸೆಕೆಂಡಿಗೆ 648 ಮೀಟರ್ ಕೂಡಿಸಿ, ಅದನ್ನು ಭೂಮಿಯ ಹಿಡಿತದಿಂದ ಮಂಗಳದ ದಾರಿಗೆ ಹಚ್ಚಿತು.

ಆ ಹೊತ್ತಿನಲ್ಲಿ ನೌಕೆ ಎಷ್ಟು ಭಾರವಿತ್ತು? 145 ಗ್ರಾಮಿನಂತೆ 1,329 ಸೆಕೆಂಡಿಗೆ ಖರ್ಚಾದದ್ದು ಸುಮಾರು 192 ಕಿಲೋ. 648ನ್ನು 3,040ರಿಂದ ಭಾಗಿಸಿದರೆ 0.213, ಇದೇ ln(m₀/m₁). ಅಂದರೆ m₀/m₁ ಸುಮಾರು 1.238. ಎರಡು ದ್ರವ್ಯರಾಶಿಗಳ ವ್ಯತ್ಯಾಸ 192, ಅನುಪಾತ 1.238 ಆಗಬೇಕಾದರೆ ಆರಂಭದ್ದು ಸುಮಾರು 1,002 ಕಿಲೋ, ಕೊನೆಯದು 810. ತಕ್ಕಡಿ ಇಲ್ಲದ ಕಡೆ ಗಡಿಯಾರ ಮತ್ತು ವೇಗಮಾಪನದಿಂದಲೇ ತೂಗಿದಂತಾಯಿತು. ಇಸ್ರೋ ಹೇಳಿದ ಖರ್ಚು ಸುಮಾರು 198 ಕಿಲೋ. ನೌಕೆಯ ದಿಕ್ಕು ಸರಿಪಡಿಸುವ ಚಿಕ್ಕ ಥ್ರಸ್ಟರ್‌ಗಳೂ ಅದೇ ಟ್ಯಾಂಕಿನಿಂದ ಕುಡಿಯುವುದನ್ನು ಈ ಲೆಕ್ಕ ಹಿಡಿದಿಲ್ಲ.

ದ್ರವ್ಯರಾಶಿ ಬದಲಾಗುವುದನ್ನು ಮರೆತು 1,002 ಕಿಲೋವನ್ನೇ ಸ್ಥಿರವೆಂದು ಹಿಡಿದಿದ್ದರೆ? 440 × 1,329 ÷ 1,002 ಅಂದರೆ ಸುಮಾರು 584 ಮೀಟರ್ ಮಾತ್ರ ಬರುತ್ತಿತ್ತು. ಸೆಕೆಂಡಿಗೆ 64 ಮೀಟರಿನ ತಪ್ಪು ಮಂಗಳದ ದಾರಿಯಲ್ಲಿ ನೌಕೆಯನ್ನೇ ಕಳೆದುಕೊಳ್ಳುವಷ್ಟು ದೊಡ್ಡದು. ಈ 64 ಮೀಟರ್ ಎಲ್ಲಿಂದ ಬಂತೆಂಬುದು ಒಂದೊಂದು ಕಿಲೋ ಇಂಧನದ ದುಡಿಮೆಯನ್ನು ನೋಡಿದರೆ ಕಾಣುತ್ತದೆ. ನೌಕೆ 1,002 ಕಿಲೋ ಇದ್ದಾಗ ಉರಿದ ಮೊದಲ ಕಿಲೋ ಅದರ ವೇಗವನ್ನು ಸೆಕೆಂಡಿಗೆ 3.03 ಮೀಟರ್ ಏರಿಸಿತು. ಕೊನೆಯ ಕಿಲೋ ಏರಿಸಿದ್ದು 3.75 ಮೀಟರ್. ಇಂಧನ ಅದೇ, ಎಂಜಿನ್ ಅದೇ; ಹೊರಬೇಕಾದ ಭಾರ ಮಾತ್ರ ಕಡಿಮೆ.

2014ರ ಸೆಪ್ಟೆಂಬರ್ 24ರಂದು ಮಂಗಳದ ಬಳಿ ವೇಗ ತಗ್ಗಿಸುವಾಗ ಇದು ಇನ್ನೂ ಎದ್ದು ಕಂಡಿತು. ಅಂದು ಬೇಕಾಗಿದ್ದದ್ದು ಸೆಕೆಂಡಿಗೆ 1,099 ಮೀಟರಿನ ಬದಲಾವಣೆ, ಡಿಸೆಂಬರಿನದಕ್ಕಿಂತ ಸುಮಾರು ಶೇಕಡಾ 70 ಹೆಚ್ಚು. ಅದಕ್ಕೆ ಎಣಿಸಿದ್ದ ಖರ್ಚು 249.5 ಕಿಲೋ, ಅಂದರೆ ಕಾಲು ಭಾಗದಷ್ಟೇ ಹೆಚ್ಚು. ಸುಮಾರು 800 ಕಿಲೋಗೆ ಇಳಿದಿದ್ದ ನೌಕೆಗೆ ಸೂತ್ರವನ್ನು ಹಚ್ಚಿದರೆ 1,136 ಮೀಟರ್ ಬರುತ್ತದೆ, ನಿಜವಾದದ್ದಕ್ಕಿಂತ ತುಸು ಜಾಸ್ತಿ. ಅಂದು ಮುಖ್ಯ ಎಂಜಿನ್ನಿನ ಜೊತೆಗೆ 22 ನ್ಯೂಟನ್ನಿನ ಎಂಟು ಥ್ರಸ್ಟರ್‌ಗಳೂ ಉರಿದವು. ಇಂಥ ಚಿಕ್ಕ ಎಂಜಿನ್ನುಗಳಲ್ಲಿ ಅನಿಲದ ವೇಗ ಕಡಿಮೆ ಇರುವುದರಿಂದ ಸರಾಸರಿ u 3,040ಕ್ಕಿಂತ ಕೆಳಗಿಳಿಯುತ್ತದೆ. ಅನುಕಲನ ಮಾಡುವಾಗ u ಬದಲಾಗದೆಂದು ಊಹಿಸಿದ್ದರ ಬೆಲೆ ಇದು.

ನಡುವೆ ಒಂದು ತೊಡಕೂ ಆಗಿತ್ತು. ನವೆಂಬರ್ 11ರಂದು ಕಕ್ಷೆ ಎತ್ತರಿಸುವಾಗ ಸೆಕೆಂಡಿಗೆ 130 ಮೀಟರ್ ಸಿಗಬೇಕಾದಲ್ಲಿ 35 ಮಾತ್ರ ಸಿಕ್ಕಿತು. ಇಂಧನದ ಕವಾಟದ ಮುಖ್ಯ ಸುರುಳಿಗೂ ಬದಲಿ ಸುರುಳಿಗೂ ಒಟ್ಟಿಗೇ ವಿದ್ಯುತ್ ಕೊಟ್ಟು ಪರೀಕ್ಷಿಸಿದಾಗ ಎಂಜಿನ್ನಿಗೆ ಹರಿವು ನಿಂತುಹೋಗಿತ್ತು. ಮರುದಿನ ಬೆಳಗಿನ ಜಾವ ಮತ್ತೆ ಉರಿಸಿ ಸುಮಾರು 125 ಮೀಟರ್ ಕೂಡಿಸಲಾಯಿತು. ಹೀಗೆ ತುಂಡು ತುಂಡಾಗಿ ಉರಿಸಿದ್ದರಿಂದ Δv ಲೆಕ್ಕದಲ್ಲಿ ನಷ್ಟವಿಲ್ಲ. ಲಘುಗಣಕಗಳನ್ನು ಕೂಡಿಸುವುದೆಂದರೆ ಅನುಪಾತಗಳನ್ನು ಗುಣಿಸುವುದು. ನಡುವಿನ ದ್ರವ್ಯರಾಶಿಗಳು ಹೊಡೆದುಹೋಗಿ ಮೊದಲಿನದು ಮತ್ತು ಕೊನೆಯದು ಮಾತ್ರ ಉಳಿಯುತ್ತವೆ.

ಇಷ್ಟೆಲ್ಲ ಸರಾಗವಾಗಿ ಕೂಡಿಬರುವುದು ನೌಕೆ ಆಗಲೇ ಕಕ್ಷೆಯಲ್ಲಿರುವುದರಿಂದ. ನೆಲದಿಂದ ಏಳುವಾಗ ಗುರುತ್ವದ ಬಲವೂ ಸಮೀಕರಣಕ್ಕೆ ಸೇರುತ್ತದೆ. ನೆಟ್ಟಗೆ ಮೇಲೇರುವ ರಾಕೆಟ್ಟಿಗೆ, ಗಾಳಿಯ ತಡೆಯನ್ನು ಬಿಟ್ಟರೆ:

v = u ln(m₀/m₁) − gt

ಈಗ ಸಮಯ ಒಳಗೆ ಬಂತು. ಮೇಲೇರುವ ಪ್ರತಿ ಸೆಕೆಂಡಿಗೂ 9.8 ಮೀಟರ್ ವೇಗದ ಸುಂಕ. ಮಂಗಳಯಾನದ ಎಂಜಿನ್ನನ್ನೇ ಶ್ರೀಹರಿಕೋಟದ ನೆಲದ ಮೇಲೆ ಹಚ್ಚಿದ್ದರೆ ಏನಾಗುತ್ತಿತ್ತೆಂದು ನೋಡಬಹುದು. ಎಲ್ಲ ಇಂಧನ ಉರಿದ ಮೇಲೆ ಉಳಿಯುವುದು 485 ಕಿಲೋ, ln(1,337/485) ಸುಮಾರು 1.01, ಆದ್ದರಿಂದ ವೇಗ ಸೆಕೆಂಡಿಗೆ ಮೂರು ಕಿಲೋಮೀಟರ್ ಎನ್ನುತ್ತದೆ ಗುರುತ್ವವಿಲ್ಲದ ಸೂತ್ರ. ನಿಜದಲ್ಲಿ 440 ನ್ಯೂಟನ್ ಎತ್ತಬಲ್ಲದ್ದು 45 ಕಿಲೋ ಮಾತ್ರ. ಎಂಜಿನ್ ಒಂದೂವರೆ ಗಂಟೆಗೂ ಹೆಚ್ಚು ಕಾಲ ಉರಿದು, ಟ್ಯಾಂಕು ಬರಿದಾಗಿ, ನೌಕೆ ಕೂತಲ್ಲೇ ಕೂತಿರುತ್ತದೆ. ಉಡಾವಣೆಯ ರಾಕೆಟ್ಟಿಗೆ ಅಪಾರ ನೂಕುಬಲ ಬೇಕಾಗುವುದು ಮೊದಲು ತನ್ನ ತೂಕವನ್ನು ಮೀರಲು, ಆಮೇಲೆ gt ಬೆಳೆಯುವ ಮುನ್ನ ಕೆಲಸ ಮುಗಿಸಲು.

ಕೆಳಮಟ್ಟದ ಕಕ್ಷೆ ಸೇರಲು, ಗುರುತ್ವಕ್ಕೂ ಗಾಳಿಗೂ ತೆರುವುದನ್ನು ಸೇರಿಸಿ, ಸೆಕೆಂಡಿಗೆ ಒಂಬತ್ತು ಕಿಲೋಮೀಟರಿಗೂ ಹೆಚ್ಚು Δv ಬೇಕು. u ಮೂರು ಕಿಲೋಮೀಟರ್ ಇದ್ದರೆ ln(m₀/m₁) ಮೂರನ್ನು ದಾಟಬೇಕು, ಅಂದರೆ ಅನುಪಾತ ಇಪ್ಪತ್ತಕ್ಕಿಂತ ಹೆಚ್ಚು. ಇಪ್ಪತ್ತರಲ್ಲಿ ಒಂದು ಪಾಲಿನೊಳಗೆ ಎಂಜಿನ್, ಟ್ಯಾಂಕು, ಉಪಗ್ರಹ ಎಲ್ಲವೂ ಅಡಗಬೇಕು. ಅದು ಬಲು ಕಷ್ಟ. ಇದಕ್ಕೆ ಕಂಡುಕೊಂಡ ದಾರಿ ಹಂತಗಳು. ಬರಿದಾದ ಟ್ಯಾಂಕನ್ನೂ ಅದರ ಎಂಜಿನ್ನನ್ನೂ ಕಳಚಿ ಬೀಳಿಸಿದರೆ ಮುಂದಿನ ಹಂತ ಹೊಸ m₀ ಇಂದ ಲೆಕ್ಕ ಆರಂಭಿಸುತ್ತದೆ, ಎಲ್ಲ ಹಂತಗಳ Δv ಕೂಡಿಕೊಳ್ಳುತ್ತವೆ. ಮಂಗಳಯಾನವನ್ನು ಹೊತ್ತೊಯ್ದ ಪಿಎಸ್‌ಎಲ್‌ವಿಗೆ ಇಂಥ ನಾಲ್ಕು ಹಂತಗಳಿದ್ದವು. ಏಳುವಾಗ ಸುಮಾರು 320 ಟನ್ ಇದ್ದ ಆ ರಾಕೆಟ್ ಕಕ್ಷೆಯಲ್ಲಿ ಬಿಟ್ಟುಬಂದದ್ದು ಒಂದೂಕಾಲು ಟನ್ನಿಗಿಂತ ತುಸು ಹೆಚ್ಚು ಭಾರದ ನೌಕೆಯನ್ನು.