ಮೆಟ್ಟಿಲ ದೀಪಕ್ಕೆ ಎರಡು ಸ್ವಿಚ್

ಮಹಡಿ ಮನೆಗಳಲ್ಲಿ ಒಂದು ದೂರು ಆಗಾಗ ಕೇಳಿಬರುತ್ತದೆ: “ಕೆಳಗಿನ ಸ್ವಿಚ್ ಒಂದು ಕಡೆಗಿದ್ದರೆ ಮಾತ್ರ ಮೇಲಿನದು ಕೆಲಸ ಮಾಡುತ್ತೆ.” ಮನೆಯವರು ಸ್ವಿಚ್ ಕೆಟ್ಟಿದೆ ಎಂದು ಹೊಸದು ತರಿಸುತ್ತಾರೆ. ಹೊಸದು ಹಾಕಿದ ಮೇಲೂ ದೂರು ಹೋಗುವುದಿಲ್ಲ. ಸ್ವಿಚ್ಚಿನಲ್ಲಿ ದೋಷವೇ ಇರಲಿಲ್ಲ, ಒಂದು ವೈರು ತಪ್ಪು ಸ್ಕ್ರೂ ಕೆಳಗೆ ಕೂತಿತ್ತು, ಅಷ್ಟೆ.

ಮಾಮೂಲಿ ಸ್ವಿಚ್ಚಿಗೆ ಎರಡು ಟರ್ಮಿನಲ್. ಅದು ದಾರಿಯನ್ನು ಕೂಡಿಸುತ್ತದೆ ಇಲ್ಲವೇ ಕಡಿಯುತ್ತದೆ. ಟೂ ವೇ ಸ್ವಿಚ್ಚಿಗೆ ಮೂರು. ಅವುಗಳಲ್ಲಿ ಒಂದು ಕಾಮನ್. ಗುಂಡಿ ಒತ್ತಿದಾಗ ಕಾಮನ್ ಉಳಿದೆರಡರಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ. ರೈಲು ಹಳಿ ಬದಲಿಸಿದ ಹಾಗೆ ದಾರಿ ಬದಲಾಗುತ್ತದೆಯೇ ಹೊರತು ಈ ಸ್ವಿಚ್ಚಿಗೆ ತನ್ನದೇ ಆದ ಆನ್, ಆಫ್ ಇಲ್ಲ. ಎರಡು ಸ್ವಿಚ್ಚುಗಳೂ ಒಂದೇ ಹಳಿಯನ್ನು ಹಿಡಿದಾಗ ದೀಪ ಉರಿಯುತ್ತದೆ, ಬೇರೆ ಬೇರೆ ಹಿಡಿದಾಗ ಆರುತ್ತದೆ.

ಕೆಳಗೆ ಹಾಲಿನಲ್ಲಿ ಒಂದು ಸ್ವಿಚ್, ಮೇಲೆ ಮಹಡಿಯಲ್ಲಿ ಒಂದು, ಮೆಟ್ಟಿಲು ತಿರುಗುವಲ್ಲಿ ದೀಪ ಇರುವ ಮನೆಯನ್ನು ತೆಗೆದುಕೊಳ್ಳಿ. ಕೆಳಗಿನ ಬೋರ್ಡಿನ ಫೇಸ್ ವೈರು ಕೆಳಗಿನ ಸ್ವಿಚ್ಚಿನ ಕಾಮನ್‌ಗೆ ಬರುತ್ತದೆ. ಅದೇ ಸ್ವಿಚ್ಚಿನ ಉಳಿದೆರಡು ಟರ್ಮಿನಲ್‌ಗಳಿಂದ ಎರಡು ವೈರು ಹೊರಟು, ದೀಪದ ಪಾಯಿಂಟಿನಲ್ಲಿ ಎಲ್ಲೂ ಸೇರದೆ ದಾಟಿ, ಮೇಲಿನ ಸ್ವಿಚ್ಚಿನ ಅಂಥದೇ ಎರಡು ಟರ್ಮಿನಲ್‌ಗಳಿಗೆ ಹೋಗುತ್ತವೆ. ಮೇಲಿನ ಕಾಮನ್‌ನಿಂದ ಒಂದು ವೈರು ಇಳಿದು ಹೋಲ್ಡರಿಗೆ ಬರುತ್ತದೆ. ನ್ಯೂಟ್ರಲ್ ಯಾವ ಸ್ವಿಚ್ಚನ್ನೂ ಮುಟ್ಟದೆ ಕೆಳಗಿನಿಂದ ನೇರ ಹೋಲ್ಡರಿಗೆ. ಹಾಗಾಗಿ ಅರ್ತ್ ಬಿಟ್ಟರೆ ಕೆಳಗಿನ ಪೈಪಿನಲ್ಲಿ ಮೂರು ವೈರು, ಮೇಲಿನ ಪೈಪಿನಲ್ಲೂ ಮೂರು. ಗೋಡೆ ಕೊರೆಯುವ ದಿನವೇ ಈ ಲೆಕ್ಕ ಹಾಕದಿದ್ದರೆ ಪ್ಲಾಸ್ಟರ್ ಆದ ಮೇಲೆ ಪೈಪಿನಲ್ಲಿ ಒಂದು ವೈರು ಕಡಿಮೆ ಬಿದ್ದು ಒದ್ದಾಡಬೇಕಾಗುತ್ತದೆ. ದೀಪಕ್ಕೆ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ವೈರು ಸಾಕು. ಫೇಸಿಗೆ ಕೆಂಪು, ಎರಡು ದಾಟುವೈರುಗಳಿಗೆ ಹಳದಿ ಮತ್ತು ನೀಲಿ ಹಾಕಿದರೆ ಮುಂದೆ ಬಾಕ್ಸ್ ಬಿಚ್ಚುವವನಿಗೆ ಗೊಂದಲವಾಗದು. ಕಪ್ಪು ನ್ಯೂಟ್ರಲ್‌ಗೆ, ಹಸಿರು ಅರ್ತ್‌ಗೆ ಮೀಸಲು.

ಇನ್ನು ಆ ದೂರಿಗೆ ಬರೋಣ. ಕೆಳಗಿನ ಸ್ವಿಚ್ಚಿನಲ್ಲಿ ಫೇಸ್ ಕಾಮನ್‌ಗೆ ಹೋಗದೆ ಪಕ್ಕದ ಟರ್ಮಿನಲ್‌ಗೆ ಹೋಗಿ, ದಾಟುವೈರೊಂದು ಕಾಮನ್‌ಗೆ ಬಂದರೆ ಏನಾಗುತ್ತದೆ? ಸ್ವಿಚ್ ಒಂದು ಕಡೆಗಿದ್ದಾಗ ಒಂದು ದಾಟುವೈರಿಗೆ ಫೇಸ್ ಸಿಗುತ್ತದೆ. ಇನ್ನೊಂದು ಕಡೆಗೆ ತಿರುಗಿಸಿದರೆ ದಾಟುವೈರುಗಳು ಒಂದಕ್ಕೊಂದು ಸೇರಿಕೊಂಡು, ಫೇಸ್ ಹೊರಗೇ ಉಳಿಯುತ್ತದೆ. ಎರಡು ಸ್ವಿಚ್ಚಿನ ಒಟ್ಟು ನಾಲ್ಕು ಸ್ಥಿತಿಗಳಲ್ಲಿ ಎರಡರಲ್ಲಿ ಉರಿಯಬೇಕಾದ ದೀಪ ಒಂದರಲ್ಲಿ ಮಾತ್ರ ಉರಿಯುತ್ತದೆ. ನಾಲ್ಕನ್ನೂ ಒತ್ತಿ ಎಣಿಸಿ ನೋಡಿ. ಒಂದೇ ಸಲ ಉರಿದರೆ ಮೊದಲ ಅನುಮಾನ ಕಾಮನ್ ಮೇಲೆ.

ಬಹಳಷ್ಟು ಸ್ವಿಚ್ಚುಗಳಲ್ಲಿ ಕಾಮನ್ ನಡುವೆ ಇರುತ್ತದೆ, ಎಲ್ಲದರಲ್ಲೂ ಅಲ್ಲ. ಊಹಿಸುವ ಬದಲು ಅಳೆಯುವುದು ಲೇಸು. ಎಂಸಿಬಿ ಇಳಿಸಿ, ವೈರು ಬಿಡಿಸಿ, ಮಲ್ಟಿಮೀಟರನ್ನು ಬೀಪ್ ಬರುವ ಸ್ಥಾನಕ್ಕಿಟ್ಟು ಟರ್ಮಿನಲ್‌ಗಳನ್ನು ಜೋಡಿ ಜೋಡಿಯಾಗಿ ಮುಟ್ಟಿಸಬೇಕು. ಗುಂಡಿ ಯಾವ ಕಡೆಗಿದ್ದರೂ ಬೀಪ್ ಬಾರದ ಜೋಡಿ ಒಂದು ಸಿಗುತ್ತದೆ. ಆ ಜೋಡಿಯಿಂದ ಹೊರಗುಳಿದ ಮೂರನೆಯದೇ ಕಾಮನ್. ಈ ಕೆಲಸಕ್ಕೆ ನಿಯಾನ್ ಟೆಸ್ಟರನ್ನು ನಾನಂತೂ ನಂಬುವುದಿಲ್ಲ. ಫೇಸ್ ಇರುವ ದಾಟುವೈರಿನ ಪಕ್ಕದಲ್ಲೇ ಓಡುವ ಖಾಲಿ ವೈರಿನಲ್ಲೂ ಅದು ಮಂಕಾಗಿ ಹೊಳೆಯುತ್ತದೆ. ಆರಿಸಿದ ಮೇಲೂ ಕೆಲವು ಎಲ್‌ಇಡಿ ಬಲ್ಬುಗಳು ಸಣ್ಣಗೆ ಮಿನುಗುವುದಕ್ಕೂ ಕಾರಣ ಇದೇ ಇರಬಹುದು. ಬೇರೆ ಬಲ್ಬ್ ಹಾಕಿದರೆ ಹೆಚ್ಚಾಗಿ ಸರಿಹೋಗುತ್ತದೆ.

ಇದಕ್ಕಿಂತ ಕೆಟ್ಟದ್ದು ವೈರು ಉಳಿಸುವ ಅಡ್ಡದಾರಿ. ಎರಡೂ ಬೋರ್ಡಿನಲ್ಲಿ ಫೇಸ್, ನ್ಯೂಟ್ರಲ್ ಹೇಗೂ ಇದೆಯಲ್ಲ ಎಂದು ಅವೆರಡನ್ನೂ ಪ್ರತಿ ಸ್ವಿಚ್ಚಿನ ಅಕ್ಕಪಕ್ಕದ ಟರ್ಮಿನಲ್‌ಗಳಿಗೆ ಕೊಟ್ಟು, ದೀಪವನ್ನು ಎರಡು ಕಾಮನ್‌ಗಳ ನಡುವೆ ಕಟ್ಟುವವರಿದ್ದಾರೆ. ದೀಪವೇನೋ ಸರಿಯಾಗಿಯೇ ಉರಿಯುತ್ತದೆ. ಆದರೆ ಆರಿದಾಗ ಕೆಲವೊಮ್ಮೆ ಹೋಲ್ಡರಿನ ಎರಡೂ ಪಿನ್ನುಗಳಲ್ಲಿ ಫೇಸ್ ನಿಂತಿರುತ್ತದೆ. ಆರಿದೆಯಲ್ಲ ಎಂದು ಬಲ್ಬ್ ಬದಲಿಸಲು ಏಣಿ ಹತ್ತಿದವನಿಗೆ ಅದು ಗೊತ್ತಾಗುವುದು ಶಾಕ್ ಹೊಡೆದಾಗಲೇ.

ಫೇಸ್ ಕೆಳಗಿನಿಂದ, ನ್ಯೂಟ್ರಲ್ ಮಹಡಿಯ ಬೋರ್ಡಿನಿಂದ ತೆಗೆದುಕೊಂಡರೂ ತೊಂದರೆಯೇ. ಕೆಳಗೊಂದು, ಮೇಲೊಂದು ಆರ್‌ಸಿಸಿಬಿ ಇರುವ ಮನೆಯಲ್ಲಿ ಒಂದರ ಮೂಲಕ ಹೋದ ಕರೆಂಟು ಇನ್ನೊಂದರ ಮೂಲಕ ವಾಪಸಾಗುತ್ತದೆ. ಹೋದದ್ದು ಬರಲಿಲ್ಲವೆಂದು ಅದು ಸೋರಿಕೆಯೆಂದೇ ತಿಳಿಯುತ್ತದೆ. ಇಂಥ ಮನೆಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ, ಸಣ್ಣ ಎಲ್‌ಇಡಿ ಬಲ್ಬು ಹಾಕಿದಾಗ ಸುಮ್ಮನಿದ್ದು, ದೊಡ್ಡ ದೀಪ ಹಾಕಿದ ದಿನ ಟ್ರಿಪ್ ಆಗಬಹುದು. ಬದಲಿಸಬೇಕಾದ್ದು ಆರ್‌ಸಿಸಿಬಿಯನ್ನಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ, ಫೇಸ್ ಬಂದ ಸರ್ಕ್ಯೂಟಿನದೇ ನ್ಯೂಟ್ರಲನ್ನು ದೀಪದವರೆಗೆ ಎಳೆಸಬೇಕು.