ಹೊಟ್ಟೆ ಕೆಟ್ಟಾಗ ವಾರ್ಡನ್‌ಗೆ ಹೀಗೆ ಬರೆಯಿರಿ

ಕುಷ್ಟಗಿಯ ಹಾಸ್ಟೆಲ್‌ನಲ್ಲಿದ್ದೀರಿ. ರಾತ್ರಿಯಿಂದ ವಾಂತಿ, ಭೇದಿ. ವಾರ್ಡನ್‌ಗೆ ಬರೀ ‘ಆರಾಮಿಲ್ಲ ಸರ್’ ಎಂದು ಕಳಿಸಿದರೆ, ಊಟಕ್ಕೆ ಮತ್ತೆ ಜೋಳದ ರೊಟ್ಟಿ, ಖಾರದ ಪಲ್ಯವೇ ಬರುತ್ತದೆ. ಹೀಗೆ ಬರೆಯಿರಿ:

‘ನಮಸ್ಕಾರ ಸರ್. ನಾನು 7ನೇ ರೂಮಿನ ಪಿಯು ವಿದ್ಯಾರ್ಥಿ. ರಾತ್ರಿಯಿಂದ ಐದು ಸಲ ಭೇದಿ, ಎರಡು ಸಲ ವಾಂತಿಯಾಗಿದೆ. ಡಾಕ್ಟರು ಕರುಳಿನ ಸೋಂಕು ಅಂದಿದ್ದಾರೆ. ದಯವಿಟ್ಟು ಎರಡು ದಿನ ಖಾರ, ಎಣ್ಣೆ ಇಲ್ಲದ ಮೆತ್ತನೆಯ ಅನ್ನ, ಬೇಳೆ ಕಟ್ಟು, ಕುದಿಸಿ ಆರಿಸಿದ ನೀರು ಕೊಡಿಸಿ. ಕಾಲೇಜಿಗೆ ಹೋಗದೆ ರೂಮಿನಲ್ಲೇ ಮಲಗಲು ಅನುಮತಿ ಕೊಡಿ.’

ಎಷ್ಟು ಸಲ ಎಂದು ಬರೆದರೆ ಕಾಯಿಲೆ ಎಷ್ಟು ಜೋರಾಗಿದೆ ಎಂದು ವಾರ್ಡನ್‌ಗೆ ತಿಳಿಯುತ್ತದೆ. ಊಟದ ಹೆಸರು ಬರೆದರೆ ಅಡುಗೆಯವರಿಗೆ ನೇರವಾಗಿ ಹೇಳಬಹುದು.

ಊಟಕ್ಕಿಂತ ಮೊದಲು ನೀರು. ಒಂದು ಲೀಟರ್ ನೀರಿಗೆ ಓಆರ್‌ಎಸ್‌ನ ಒಂದು ದೊಡ್ಡ ಪ್ಯಾಕೆಟ್ ಪೂರ್ತಿ ಕಲಸಿ, ಗುಟುಕು ಗುಟುಕಾಗಿ ಕುಡಿಯಿರಿ. 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿ.

ಪಕ್ಕದ ರೂಮಿನವರಿಗೂ ಹೀಗೇ ಆಗಿದ್ದರೆ ಅದನ್ನೂ ಬರೆಯಿರಿ: ಆಗ ಟ್ಯಾಂಕಿನ ನೀರು, ಅಡುಗೆ ಎರಡನ್ನೂ ನೋಡಬೇಕಾಗುತ್ತದೆ.

ಮಲದಲ್ಲಿ ರಕ್ತ, ಮೂತ್ರ ನಿಂತಿರುವುದು, ಎದ್ದರೆ ತಲೆ ಸುತ್ತುವುದು ಕಂಡರೆ ಮೆಸೇಜ್ ಕಳಿಸಿ ಕಾಯಬೇಡಿ. ವಾರ್ಡನ್‌ಗೆ ಫೋನ್ ಮಾಡಿ, 108ಕ್ಕೆ ಕರೆ ಮಾಡಿ.