ಹಣ ಒಬ್ಬರ ಕೈಯಲ್ಲಿ, ಲೆಕ್ಕ ಇನ್ನೊಬ್ಬರ ಕೈಯಲ್ಲಿ

ಕಚೇರಿಯ ಹಣವನ್ನು ವರ್ಷಗಟ್ಟಲೆ ಕದಿಯಬೇಕಾದರೆ ಎರಡು ಅನುಕೂಲ ಬೇಕು. ಹಣ ಕೈಗೆ ಸಿಗಬೇಕು, ಅದು ಹೋದದ್ದು ಲೆಕ್ಕದಲ್ಲಿ ಕಾಣದಂತೆ ಮಾಡಲೂ ಬರಬೇಕು. ಕೈಗೆ ಸಿಕ್ಕಿದ ಹಣವನ್ನು ಯಾರಾದರೂ ಒಂದು ದಿನ ಎತ್ತಿಕೊಂಡು ಹೋಗಬಹುದು, ಆದರೆ ಪುಸ್ತಕ ಬೇರೆಯವರ ಬಳಿ ಇದ್ದರೆ ತಿಂಗಳ ಕೊನೆಯೊಳಗೆ ಸಿಕ್ಕಿಬೀಳುತ್ತಾರೆ. ಆಂತರಿಕ ನಿಯಂತ್ರಣದ ಮೂಲ ಸೂತ್ರವಾದ ಕರ್ತವ್ಯ ವಿಭಜನೆ ಹುಟ್ಟಿದ್ದು ಈ ಸರಳ ಸಂಗತಿಯಿಂದ. ಹಣದ ಪ್ರತಿಯೊಂದು ವ್ಯವಹಾರದಲ್ಲೂ ನಾಲ್ಕು ಕೆಲಸಗಳಿರುತ್ತವೆ: ಖರ್ಚನ್ನು ಮಂಜೂರು ಮಾಡುವುದು, ಹಣ ಅಥವಾ ಚೆಕ್ ಪುಸ್ತಕವನ್ನು ಇಟ್ಟುಕೊಳ್ಳುವುದು, ಲೆಕ್ಕ ಬರೆಯುವುದು, ಬರೆದ ಲೆಕ್ಕವನ್ನು ಬ್ಯಾಂಕಿನ ಲೆಕ್ಕದೊಡನೆ ತಾಳೆ ನೋಡುವುದು. ಈ ನಾಲ್ಕೂ ಒಬ್ಬರ ಪಾಲಿಗೆ ಬರಬಾರದು ಎಂಬುದಷ್ಟೇ ನಿಯಮ.

ಬಂದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಇಲಿನಾಯ್ ರಾಜ್ಯದ ಡಿಕ್ಸನ್ ಪಟ್ಟಣದ ಪ್ರಕರಣಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ಸುಮಾರು 16,000 ಜನರ ಊರು ಅದು. ಅಧ್ಯಕ್ಷ ರೊನಾಲ್ಡ್ ರೇಗನ್ ಬಾಲ್ಯ ಕಳೆದ ಊರು ಎಂಬುದೇ ಅದರ ಹೆಸರು. ಅಲ್ಲಿನ ಪುರಸಭೆಯ ಹಣಕಾಸು ನೋಡಿಕೊಳ್ಳುತ್ತಿದ್ದ ರೀಟಾ ಕ್ರಂಡ್‌ವೆಲ್ 1990ರಿಂದ 2012ರವರೆಗೆ 5.3 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಲಪಟಾಯಿಸಿದರು. ಆ ಹಣದಲ್ಲಿ ಅವರು ಕಟ್ಟಿದ ಕುದುರೆ ಲಾಯದ ಹೆಸರು ದೇಶಕ್ಕೆಲ್ಲ ಗೊತ್ತಿತ್ತು. ಊರಿನ ರಸ್ತೆ ರಿಪೇರಿಗೆ ಮಾತ್ರ ಹಣವಿರುತ್ತಿರಲಿಲ್ಲ.

ಕಳವಿನ ವಿಧಾನದಲ್ಲಿ ಜಾಣತನಕ್ಕಿಂತ ಅನುಕೂಲವೇ ಹೆಚ್ಚಿತ್ತು. 1990ರ ಡಿಸೆಂಬರಿನಲ್ಲಿ ಅವರು ಬ್ಯಾಂಕಿನಲ್ಲಿ ಪುರಸಭೆಯ ಹೆಸರು ಸೇರಿಸಿ ಒಂದು ಖಾತೆ ತೆರೆದರು. ಅದರ ಹಿಂದೆ RSCDA ಎಂಬ ಅಕ್ಷರಗಳಿದ್ದವು. ನೋಡಿದವರಿಗೆ ಅದು ಒಳಚರಂಡಿ ಕಾಮಗಾರಿಯ ಯಾವುದೋ ನಿಧಿ ಎನ್ನಿಸುತ್ತಿತ್ತು. ಆದರೆ ಅದಕ್ಕೆ ಸಹಿ ಹಾಕುವ ಅಧಿಕಾರ ಇದ್ದದ್ದು ಅವರೊಬ್ಬರಿಗೆ. ಪುರಸಭೆಯ ಬೇರೆ ಬೇರೆ ಖಾತೆಗಳ ಹಣವನ್ನು ಅವರು ಮೊದಲು ನಿಜವಾದ ಒಂದು ಅಭಿವೃದ್ಧಿ ನಿಧಿಗೆ ವರ್ಗಾಯಿಸುತ್ತಿದ್ದರು. ಅಲ್ಲಿಂದ ‘ಖಜಾಂಚಿ’ ಎಂಬ ಹೆಸರಿಗೆ ಚೆಕ್ ಬರೆದು, ಅದನ್ನು ತಮ್ಮ ಗುಪ್ತ ಖಾತೆಗೆ ಜಮಾ ಮಾಡುತ್ತಿದ್ದರು. ಆಡಿಟರಿಗೆ ತೋರಿಸಲು ರಾಜ್ಯ ಸರ್ಕಾರ ಕಳಿಸಿದಂತೆ ಕಾಣುವ ನಕಲಿ ಬಿಲ್ಲುಗಳನ್ನು ತಾವೇ ಸಿದ್ಧಪಡಿಸುತ್ತಿದ್ದರು. ಇಂಥ ಬಿಲ್ಲುಗಳು ನೂರೈವತ್ತಕ್ಕೂ ಹೆಚ್ಚಿದ್ದವು. ಅವುಗಳಲ್ಲಿ ಒಂದರ ಬಗ್ಗೆಯಾದರೂ ರಾಜ್ಯದ ಇಲಾಖೆಗೆ ಯಾರಾದರೂ ಫೋನ್ ಮಾಡಿ ವಿಚಾರಿಸಿದ್ದರೆ ಗುಟ್ಟು ಅಂದೇ ರಟ್ಟಾಗುತ್ತಿತ್ತು.

ಮೇಲೆ ಹೇಳಿದ ನಾಲ್ಕು ಕೆಲಸಗಳನ್ನು ಇಲ್ಲಿ ಹುಡುಕಿದರೆ ನಾಲ್ಕೂ ಒಬ್ಬರ ಮೇಜಿನ ಮೇಲೇ ಸಿಗುತ್ತವೆ. ಅಂಚೆಯನ್ನು ತರುವ ಕೆಲಸವನ್ನೂ ಅವರು ಬಿಟ್ಟುಕೊಟ್ಟಿರಲಿಲ್ಲ. ಊರಿನಲ್ಲಿ ಇಲ್ಲದಾಗ ಗುಪ್ತ ಖಾತೆಯ ಪತ್ರಗಳನ್ನು ಬೇರೆ ಎತ್ತಿಡಲು ಯಾರಿಗಾದರೂ ಹೇಳಿ ಹೋಗುತ್ತಿದ್ದರು. ಲೆಕ್ಕ ತಪಾಸಣೆಯ ದೃಷ್ಟಿಯಿಂದ ಇದು ಚಿಕ್ಕ ವಿಷಯವಲ್ಲ. ಕಚೇರಿಯೊಳಗಿನ ಕಾಗದವನ್ನೆಲ್ಲ ತಿದ್ದಬಹುದು. ಹೊರಗಿನಿಂದ ನೇರವಾಗಿ ಬರುವ ಬ್ಯಾಂಕ್ ಸ್ಟೇಟ್‌ಮೆಂಟನ್ನು ತಿದ್ದಬೇಕಾದರೆ ಅದು ಮೊದಲು ತಮ್ಮ ಕೈಗೇ ಬರಬೇಕು.

ಗುಟ್ಟು ಹೊರಬಿದ್ದದ್ದೂ ಆ ಕಾಗದದಿಂದಲೇ. 2011ರಲ್ಲಿ ಕ್ರಂಡ್‌ವೆಲ್ ಕುದುರೆ ಪ್ರದರ್ಶನಗಳಿಗಾಗಿ ದೀರ್ಘ ರಜೆಯಲ್ಲಿದ್ದಾಗ, ಅವರ ಕೆಲಸ ನೋಡುತ್ತಿದ್ದ ಪುರಸಭೆಯ ಗುಮಾಸ್ತೆ ತಿಂಗಳ ವರದಿಗೆಂದು ಬ್ಯಾಂಕಿನಿಂದ ಎಲ್ಲ ಖಾತೆಗಳ ಸ್ಟೇಟ್‌ಮೆಂಟ್ ತರಿಸಿಕೊಂಡರು. ಆ ಕಟ್ಟಿನಲ್ಲಿ ಯಾರೂ ಕೇಳರಿಯದ ಒಂದು ಖಾತೆಯ ಹಾಳೆಗಳಿದ್ದವು. ಆ ವರ್ಷದ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ಅದಕ್ಕೆ 7,85,000 ಡಾಲರ್ ಜಮಾ ಆಗಿತ್ತು. ಮೇಯರ್ ಅದನ್ನು ಎಫ್‌ಬಿಐ ಗಮನಕ್ಕೆ ತಂದರು. 2012ರ ಏಪ್ರಿಲ್‌ನಲ್ಲಿ ಬಂಧನವಾಯಿತು. 2013ರಲ್ಲಿ ಹತ್ತೊಂಬತ್ತೂವರೆ ವರ್ಷಕ್ಕೂ ಹೆಚ್ಚಿನ ಸೆರೆವಾಸದ ಶಿಕ್ಷೆಯಾಯಿತು.

ಇಪ್ಪತ್ತು ವರ್ಷದ ಆಡಿಟ್ ಹಿಡಿಯದ್ದನ್ನು ಒಂದು ರಜೆ ಹಿಡಿಯಿತು. ಇದು ಆಕಸ್ಮಿಕವೇನಲ್ಲ, ಏಕೆಂದರೆ ಮುಚ್ಚಿಡುವ ಕೆಲಸಕ್ಕೆ ಕದ್ದವರು ದಿನವೂ ಹಾಜರಿರಬೇಕಾಗುತ್ತದೆ. ಸಣ್ಣ ಕಚೇರಿಗಳಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ಬಗೆಯ ಮೋಸದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ವಸೂಲಿ ಮತ್ತು ಲೆಡ್ಜರ್ ಎರಡನ್ನೂ ನೋಡುವ ಗುಮಾಸ್ತ, ಸೋಮವಾರ ಒಬ್ಬ ಗಿರಾಕಿ ಕೊಟ್ಟ 20,000 ರೂಪಾಯಿಯನ್ನು ಜೇಬಿಗಿಳಿಸುತ್ತಾನೆ ಎನ್ನೋಣ. ಗುರುವಾರ ಎರಡನೆಯ ಗಿರಾಕಿ ಕೊಟ್ಟದ್ದನ್ನು ಮೊದಲನೆಯವನ ಖಾತೆಗೆ ಜಮಾ ಬರೆಯುತ್ತಾನೆ. ಮುಂದಿನ ವಾರ ಮೂರನೆಯವನ ಹಣ ಎರಡನೆಯವನ ಖಾತೆಗೆ ಹೋಗುತ್ತದೆ. ಬಾಕಿ ಯಾರ ಹೆಸರಿನಲ್ಲೂ ಹೆಚ್ಚು ದಿನ ನಿಲ್ಲುವುದಿಲ್ಲ, ಹೀಗಾಗಿ ಯಾರೂ ಜಗಳಕ್ಕೆ ಬರುವುದಿಲ್ಲ. ಆದರೆ ಗುಮಾಸ್ತ ಒಂದು ವಾರ ಊರಿಗೆ ಹೋದರೆ ಸರಪಳಿ ಕಡಿಯುತ್ತದೆ. ರಜೆಯನ್ನೇ ಹಾಕದ ನೌಕರನ ನಿಷ್ಠೆಯನ್ನು ಮೆಚ್ಚುವ ಯಜಮಾನರು, ರಸೀದಿ ಪುಸ್ತಕದ ತಾರೀಕನ್ನೂ ಲೆಡ್ಜರಿನ ಜಮಾ ತಾರೀಕನ್ನೂ ಒಮ್ಮೆ ಪಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ಎರಡರ ನಡುವೆ ಪದೇಪದೇ ಮೂರು ನಾಲ್ಕು ದಿನಗಳ ಅಂತರ ಕಂಡರೆ ಕಾರಣ ಕೇಳಬೇಕು. ಬ್ಯಾಂಕುಗಳ ಸೂಕ್ಷ್ಮ ಹುದ್ದೆಗಳಲ್ಲಿರುವವರನ್ನು ಮುನ್ಸೂಚನೆಯಿಲ್ಲದೆ ವರ್ಷಕ್ಕೊಮ್ಮೆ ಕನಿಷ್ಠ 10 ಕೆಲಸದ ದಿನ ಒಟ್ಟಿಗೆ ರಜೆಯ ಮೇಲೆ ಕಳಿಸಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕ್ ಹೇಳಿರುವುದೂ ಇದೇ ಕಾರಣಕ್ಕೆ.

ಎರಡು ಮೂರು ಜನರಿರುವ ಕಚೇರಿಯಲ್ಲಿ ನಾಲ್ಕು ಕೆಲಸಕ್ಕೆ ನಾಲ್ಕು ಜನ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಲ್ಲಿ ಎಲ್ಲವನ್ನೂ ಬೇರ್ಪಡಿಸಲಾಗದು. ಆದರೆ ಒಂದನ್ನು ಮಾತ್ರ ಬಿಟ್ಟುಕೊಡಬಾರದು: ಹಣ ಮುಟ್ಟುವವರೇ ತಾಳೆ ನೋಡುವಂತಾಗಬಾರದು. ಔಷಧ ಅಂಗಡಿಯೊಂದರಲ್ಲಿ ಬಿಲ್ಲು, ಬ್ಯಾಂಕು ಎರಡನ್ನೂ ಒಬ್ಬರೇ ನೋಡುತ್ತಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಯಜಮಾನರ ಮನೆಗೋ ಇಮೇಲಿಗೋ ನೇರವಾಗಿ ಬರಲಿ. ಅವರು ತಿಂಗಳಿಗೆ ಅರ್ಧ ಗಂಟೆ ಕೊಟ್ಟು ಪ್ರತಿ ಪಾವತಿಯ ಹೆಸರನ್ನು ಓದಿದರೆ ಸಾಕು. ಹೆಸರೇ ಕೇಳದ ಸರಬರಾಜುದಾರ, ಒಂದೇ ಮೊತ್ತಕ್ಕೆ ಎರಡು ಬಿಲ್ಲು, ಬಿಲ್ಲಿನಲ್ಲಿ ಒಬ್ಬರ ಹೆಸರಿದ್ದು ಹಣ ಇನ್ನೊಬ್ಬರಿಗೆ ಹೋಗಿರುವುದು, ಇವೆಲ್ಲ ಅಲ್ಲೇ ಕಣ್ಣಿಗೆ ಬೀಳುತ್ತವೆ. ವ್ಯಾಪಾರದ ಖಾತೆಗಳ ನೆಟ್ ಬ್ಯಾಂಕಿಂಗ್‌ನಲ್ಲಿ ಒಬ್ಬರು ಪಾವತಿಯ ವಿವರ ತುಂಬಿ ಮತ್ತೊಬ್ಬರು ಒಪ್ಪಿಗೆ ಕೊಡುವ ವ್ಯವಸ್ಥೆ ಇರುತ್ತದೆ. ಒಪ್ಪಿಗೆಯ ಒಟಿಪಿಯನ್ನು ಗುಮಾಸ್ತರಿಗೇ ಫೋನಿನಲ್ಲಿ ಓದಿ ಹೇಳುವ ಯಜಮಾನರು ಆ ವ್ಯವಸ್ಥೆಯನ್ನು ತಾವೇ ರದ್ದು ಮಾಡಿದಂತೆ. ಸಹಿ ಮಾಡಿಟ್ಟ ಖಾಲಿ ಚೆಕ್ಕುಗಳೂ ಅಂಥವೇ.

ಕರ್ತವ್ಯ ವಿಭಜನೆಯಿಂದ ಎಲ್ಲ ಮೋಸವೂ ನಿಲ್ಲುವುದಿಲ್ಲ. ಹಣ ಹಿಡಿಯುವವರೂ ಲೆಕ್ಕ ಬರೆಯುವವರೂ ಕೈಜೋಡಿಸಿದರೆ ಗೋಡೆ ಬಿದ್ದಂತೆಯೇ. ಆಗ ಮೂರನೆಯವರ ದಿಢೀರ್ ಎಣಿಕೆ, ಗಿರಾಕಿಗಳಿಗೆ ನೇರವಾಗಿ ಕಳಿಸುವ ಬಾಕಿ ಪಟ್ಟಿ, ಇಂಥ ಹೊರಗಿನ ಸಾಕ್ಷ್ಯಗಳೇ ಗತಿ. ಯಜಮಾನರೇ ತಮ್ಮ ನಿಯಮ ಮುರಿದು ‘ಈಗ ಕೊಟ್ಟುಬಿಡಿ, ವೋಚರ್ ಆಮೇಲೆ ಬರೆಯೋಣ’ ಎನ್ನತೊಡಗಿದರೆ ಅದಕ್ಕೆ ಯಾವ ತಡೆಯೂ ಇಲ್ಲ. ಹಾಗೆ ವೋಚರಿಲ್ಲದೆ ಹೋದ ಹಣ ಯಜಮಾನರ ಮಾತಿನಂತೆ ಹೋದದ್ದೋ, ಅವರ ಹೆಸರು ಹೇಳಿ ಹೋದದ್ದೋ ಎಂದು ತಿಂಗಳ ಕೊನೆಗೆ ಯಾರೂ ಬೇರ್ಪಡಿಸಲಾರರು.